ಮೊಬೈಲಿನ ಸಂಪಾದನೆ: ಗಂಟೆಗೆ ಕೈಯಲ್ಲಿ ಉಳಿದದ್ದೆಷ್ಟು?

ಊರಿನ ಮದುವೆ, ಗೃಹಪ್ರವೇಶಗಳ ಊಟದ ಪಂಕ್ತಿಯಲ್ಲಿ ಈಚೆಗೆ ಒಂದು ಹೊಸ ಮಾತು ಕಿವಿಗೆ ಬೀಳುತ್ತದೆ. “ಮಗ ಎಂತ ಮಾಡುತ್ತಾನೆ?” ಎಂದು ಕೇಳಿದರೆ, “ಆ್ಯಪಿನಲ್ಲಿ ದುಡಿಯುತ್ತಾನೆ, ತಿಂಗಳಿಗೆ ಇಪ್ಪತ್ತೈದು ಸಾವಿರ ಉಂಟು” ಎಂಬ ಉತ್ತರ ಬರುತ್ತದೆ. ಒಬ್ಬ ಊಟದ ಪೊಟ್ಟಣ ತಲುಪಿಸುತ್ತಾನೆ, ಇನ್ನೊಬ್ಬ ಕಾರು ಓಡಿಸುತ್ತಾನೆ, ಮತ್ತೊಬ್ಬಳು ಮನೆಯಲ್ಲೇ ಕುಳಿತು ಅಮೆರಿಕದ ಅಂಗಡಿಗೆ ಚಿತ್ರ ಬರೆದುಕೊಡುತ್ತಾಳೆ. ಕೇಳಲು ಸಂತೋಷವೇ. ಆದರೆ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಆಯುಷ್ಯವೆಲ್ಲ ಜಮೆ-ಖರ್ಚು ಬರೆದ ನನಗೆ ಒಂದು ಪ್ರಶ್ನೆ ನಾಲಗೆಯ ತುದಿಗೆ ಬರುತ್ತದೆ. ಆ ಇಪ್ಪತ್ತೈದು ಸಾವಿರ ಜಮೆಯೋ, ಉಳಿಕೆಯೋ?

ಮಕ್ಕಳೇ, ಇವೆರಡಕ್ಕೂ ಇರುವ ವ್ಯತ್ಯಾಸ ನಿಮಗೆ ಜಾತ್ರೆಯ ಚರುಮುರಿ ಅಂಗಡಿಯಲ್ಲಿ ತಿಳಿಯುತ್ತದೆ. ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿ ಎರಡು ಸಾವಿರ ರೂಪಾಯಿ ಇದೆ ಅನ್ನಿ. ಮಂಡಕ್ಕಿ, ನೀರುಳ್ಳಿ, ತೆಂಗಿನೆಣ್ಣೆಯ ದುಡ್ಡು ಅದರಲ್ಲೇ ಇದೆ. ಜಾಗದ ಬಾಡಿಗೆಯೂ, ಸಾಮಾನು ತಂದ ರಿಕ್ಷಾದ ಬಾಡಿಗೆಯೂ ಅದರಲ್ಲೇ ಇದೆ. ಇವೆಲ್ಲ ಕಳೆದ ಮೇಲೆ ಉಳಿದದ್ದು ಮಾತ್ರ ಚರುಮುರಿಯವನ ಸಂಪಾದನೆ. ಆ ಉಳಿಕೆಯನ್ನು ಅವನು ಅಂಗಡಿ ಹೂಡಿದಾಗಿನಿಂದ ಕಿತ್ತು ಮನೆ ಸೇರುವವರೆಗಿನ ಗಂಟೆಗಳಿಂದ ಭಾಗಿಸಿದರೆ ಅವನ ಗಂಟೆಯ ಕೂಲಿ ಸಿಗುತ್ತದೆ. ಗಿರಾಕಿ ಇಲ್ಲದೆ ಸುಮ್ಮನೆ ಕುಳಿತ ಗಂಟೆಗಳನ್ನೂ ಸೇರಿಸಬೇಕು.

ಇದೇ ಲೆಕ್ಕವನ್ನು ನಮ್ಮ ಸುತ್ತಿನ ಮೂವರಿಗೆ ಹಾಕಿ ನೋಡಿದೆ. ಬಂಟ್ವಾಳದ ಒಬ್ಬ ಹುಡುಗ ನನ್ನ ಸಂಬಂಧಿ. ಬೆಳ್ತಂಗಡಿಯ ಕಾರಿನವರು ನನ್ನ ತಂಗಿಯ ನೆರೆಮನೆಯವರು. ಮೂಡುಬಿದಿರೆಯ ಹುಡುಗಿ ನನ್ನ ಹಳೆಯ ಸಹೋದ್ಯೋಗಿಯ ಮೊಮ್ಮಗಳು. ಮೂವರಿಗೂ ಒಂದೊಂದು ನೂರು ಪುಟದ ನೋಟುಪುಸ್ತಕ ಕೊಟ್ಟು, “ಆ್ಯಪ್ ತೋರಿಸುವುದನ್ನು ಬರೆಯಿರಿ, ಅದು ತೋರಿಸದ್ದನ್ನೂ ಬರೆಯಿರಿ” ಎಂದೆ. ಮೂವರ ಹೆಸರು ಇಲ್ಲಿ ಬೇಡ, ಅಂಕಿ ಸಾಕು. ಇದು ಮೂವರ ಲೆಕ್ಕ ಮಾತ್ರ. ಬೇರೆಯವರ ಅಂಕಿ ಬೇರೆ ಇರುತ್ತದೆ, ಲೆಕ್ಕ ಹಾಕುವ ಕ್ರಮ ಒಂದೇ.

ಬಂಟ್ವಾಳದ ಹುಡುಗನ ಸ್ಕೂಟರು

ಈ ಹುಡುಗ ಬಿ.ಸಿ. ರೋಡಿನ ಹತ್ತಿರದವನು, ಬಿ.ಕಾಂ. ಎರಡನೆಯ ವರ್ಷ ಮುಗಿಸಿದ್ದಾನೆ. ರಜೆಯಲ್ಲಿ ಮಂಗಳೂರಿಗೆ ಹೋಗಿ ಹೋಟೆಲಿನ ಊಟ ಮನೆಮನೆಗೆ ತಲುಪಿಸುವ ಕೆಲಸಕ್ಕೆ ಸೇರಿದ. ಮೊದಲ ತಿಂಗಳ ಜಮೆ ನೋಡಿ ಅವನಿಗೆ ಕಾಲೇಜೇ ಬೇಡ ಅನಿಸಿತು. “ಡಿಗ್ರಿ ಮುಗಿಸಿದವರಿಗೆ ಸಿಗುವುದು ಹದಿನೈದು ಸಾವಿರ ಅಜ್ಜ, ನನಗೆ ಈಗಲೇ ಇಪ್ಪತ್ತೈದು ಆಗುತ್ತದೆ” ಎಂದ. ಮನೆಯವರು ಅವನಿಗೆ ಏನು ಹೇಳುವುದೆಂದು ತಿಳಿಯದೆ ನನ್ನ ಹತ್ತಿರ ಕಳುಹಿಸಿದರು. ನಾನೂ ಏನೂ ಹೇಳಲಿಲ್ಲ, ಒಂದು ವಾರ ಬರೆದು ತರಲು ಹೇಳಿದೆ.

ಅವನು ಬರೆದು ತಂದ ಆರು ದಿನಗಳ ಲೆಕ್ಕ ಹೀಗಿತ್ತು. ಒಟ್ಟು 120 ಆರ್ಡರು. ಆರ್ಡರಿನ ದುಡ್ಡು 4,560 ರೂಪಾಯಿ. ವಾರಕ್ಕೆ ಇಷ್ಟು ಆರ್ಡರು ಮುಗಿಸಿದರೆ ಕೊಡುವ ಇನ್ಸೆಂಟಿವ್ 1,100. ಗಿರಾಕಿಗಳು ಪ್ರೀತಿಯಿಂದ ಕೊಟ್ಟದ್ದು 140. ಕೂಡಿದರೆ 5,800 ರೂಪಾಯಿ. ಇದನ್ನು ತಿಂಗಳಿಗೆ ಹಿಗ್ಗಿಸಿದರೆ ಅವನು ಹೇಳಿದ ಇಪ್ಪತ್ತೈದು ಸಾವಿರ ಸರಿಯೇ. ಸುಳ್ಳು ಹೇಳಿರಲಿಲ್ಲ.

ಇನ್ನು ಖರ್ಚಿಗೆ ಬರೋಣ. ಆ್ಯಪ್ ತೋರಿಸುವುದು ಆರ್ಡರು ಹಿಡಿದು ಓಡಿದ ದೂರವನ್ನು ಮಾತ್ರ. ಹಾಗಾಗಿ ಸ್ಕೂಟರಿನ ಮೀಟರನ್ನೇ ಬೆಳಿಗ್ಗೆ ಮನೆಯಿಂದ ಹೊರಡುವಾಗ ಒಮ್ಮೆ, ರಾತ್ರಿ ಮನೆ ಸೇರಿದಾಗ ಒಮ್ಮೆ ಬರೆದುಕೊಳ್ಳಲು ಹೇಳಿದ್ದೆ. ಆರು ದಿನಕ್ಕೆ 810 ಕಿಲೋಮೀಟರ್ ಆಗಿತ್ತು. ಅದರಲ್ಲಿ 510 ಮಂಗಳೂರಿನ ಒಳಗೆ. ಉಳಿದ 300, ಬಿ.ಸಿ. ರೋಡಿನಿಂದ ಮಂಗಳೂರಿಗೆ ಹೋಗಿಬಂದ ದೂರ, ದಿನಕ್ಕೆ 50ರಂತೆ. ಈ 300 ಕಿಲೋಮೀಟರಿಗೆ ಯಾರೂ ಒಂದು ಪೈಸೆ ಕೊಡುವುದಿಲ್ಲ.

ಲೀಟರಿಗೆ 45 ಕಿಲೋಮೀಟರ್ ಎಂದರೆ 18 ಲೀಟರು ಪೆಟ್ರೋಲು. ಲೀಟರಿಗೆ 103 ರೂಪಾಯಿಯಂತೆ 1,854. ಇದಿಷ್ಟನ್ನು ಹುಡುಗ ತಾನೇ ಬರೆದಿದ್ದ. ಮುಂದಿನ ಎರಡನ್ನು ಅವನು ಬರೆದಿರಲಿಲ್ಲ. ಆಯಿಲ್, ಟಯರು, ಬ್ರೇಕು, ಬೆಲ್ಟು ಎಲ್ಲ ಸೇರಿ ಕಿಲೋಮೀಟರಿಗೆ 60 ಪೈಸೆ ಹಿಡಿದರೆ 486 ರೂಪಾಯಿ. ಮತ್ತೊಂದು ಸವಕಳಿ. ಅವನ ಸ್ಕೂಟರಿನ ಬೆಲೆ 90,000. ಇದೇ ರೀತಿ 60,000 ಕಿಲೋಮೀಟರ್ ಓಡಿಸಿದ ಮೇಲೆ ಮಾರಿದರೆ 30,000 ಬರಬಹುದು. ಅಂದರೆ 60,000 ಕಿಲೋಮೀಟರಿನಲ್ಲಿ 60,000 ರೂಪಾಯಿ ಸವೆಯುತ್ತದೆ, ಕಿಲೋಮೀಟರಿಗೆ ಸರಿಯಾಗಿ ಒಂದು ರೂಪಾಯಿ. ಆ ವಾರದ ಸವಕಳಿ 810. ಮೊಬೈಲಿನ ಡಾಟಾಕ್ಕೆ 90. ಒಟ್ಟು ಖರ್ಚು 3,240, ಉಳಿದದ್ದು 2,560.

“ಸವಕಳಿಯ ದುಡ್ಡನ್ನು ನಾನು ಯಾರಿಗೂ ಕೊಟ್ಟಿಲ್ಲವಲ್ಲ ಅಜ್ಜ?” ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಕೊಟ್ಟಿಲ್ಲ, ಆದರೆ ಸ್ಕೂಟರಿನ ಒಳಗಿನಿಂದ ತೆಗೆದು ಉಂಡಿದ್ದಾನೆ. ತೋಟದ ಮರ ಕಡಿದು ಮಾರಿ, ಬಂದದ್ದನ್ನೆಲ್ಲ ಫಸಲಿನ ದುಡ್ಡು ಎಂದಂತೆ ಅದು. ಸುಮಾರು ಒಂದೂವರೆ ವರ್ಷ ಕಳೆದು ಹೊಸ ಸ್ಕೂಟರು ಬೇಕಾದ ದಿನ, ಆ ದುಡ್ಡು ಎಲ್ಲಿ ಹೋಯಿತೆಂದು ಅವನು ಹುಡುಕಬೇಕಾಗುತ್ತದೆ.

ಈಗ ಗಂಟೆಗಳ ಲೆಕ್ಕ. ಆರ್ಡರು ಕೈಯಲ್ಲಿದ್ದ ಹೊತ್ತು ವಾರಕ್ಕೆ 40 ಗಂಟೆ. ಅದರಿಂದ 5,800ನ್ನು ಭಾಗಿಸಿದರೆ ಗಂಟೆಗೆ 145 ರೂಪಾಯಿ. ಹುಡುಗನ ಮನಸ್ಸಿನಲ್ಲಿ ಇದ್ದದ್ದು ಈ ಅಂಕಿ. ಆದರೆ ಹೋಟೆಲಿನ ಎದುರು ಮರದಡಿ ಕಾದು ಕುಳಿತ ಹೊತ್ತು ಇನ್ನೂ 20 ಗಂಟೆ ಇತ್ತು. ಆ 60 ಗಂಟೆಯಿಂದ ಭಾಗಿಸಿದರೆ 97. ಹೋಗಿಬರುವ 9 ಗಂಟೆಯನ್ನೂ ಸೇರಿಸಿದರೆ 84. ಕೊನೆಗೆ ಜಮೆಯ ಬದಲು ಉಳಿಕೆಯಾದ 2,560ನ್ನು 69 ಗಂಟೆಯಿಂದ ಭಾಗಿಸಿದಾಗ ಬಂದದ್ದು 37 ರೂಪಾಯಿ. 145ರಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು 37ಕ್ಕೆ ಬಂದೆವು. ಹುಡುಗ ಲೆಕ್ಕವನ್ನು ಎರಡು ಸಲ ತಾನೇ ಹಾಕಿ ನೋಡಿದ.

ದಿನಕ್ಕೆ ಹಿಡಿದರೆ ಹನ್ನೊಂದೂವರೆ ಗಂಟೆಗೆ 427 ರೂಪಾಯಿ. ಹೋಲಿಕೆಗೆ ಒಂದು ಮಾತು: 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ, ಅದೂ ಪೆಟ್ರೋಲು ಸುಡದೆ.

ಈ ಲೆಕ್ಕದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಉಳಿದ 2,560ರಲ್ಲಿ 1,100 ಇನ್ಸೆಂಟಿವಿನದ್ದು, ಅಂದರೆ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಅದು ಸಿಗುವುದು 120 ಆರ್ಡರು ಮುಟ್ಟಿದರೆ ಮಾತ್ರ. ಶನಿವಾರ ಸಂಜೆ ಏಳಕ್ಕೆ ಅವನದ್ದು 112 ಆಗಿತ್ತು. ಉಳಿದ ಎಂಟಕ್ಕಾಗಿ ರಾತ್ರಿ ಹನ್ನೊಂದರವರೆಗೆ ಮಳೆಯಲ್ಲಿ ನಿಂತ. ನಿಲ್ಲದಿದ್ದರೆ ಇಡೀ ವಾರದ ಲಾಭ ಅರ್ಧದಷ್ಟಾಗುತ್ತಿತ್ತು. ಒಂದು ದಿನ ಜ್ವರ ಬಂದರೆ ಆ ದಿನದ್ದು ಮಾತ್ರ ಹೋಗುವುದಲ್ಲ, ವಾರದ ಇನ್ಸೆಂಟಿವೂ ಹೋಗುತ್ತದೆ. “ಯಾವಾಗ ಬೇಕಾದರೂ ಕೆಲಸ ಮಾಡಬಹುದು” ಎಂಬ ಮಾತನ್ನು ಈ ಕಾರಣಕ್ಕೆ ಅರ್ಧ ಮಾತ್ರ ನಂಬಬೇಕು.

ಅವನ ಲೆಕ್ಕವನ್ನು ಹೆಚ್ಚು ತಿಂದದ್ದು ಆ 300 ಕಿಲೋಮೀಟರ್. ಪೆಟ್ರೋಲು, ರಿಪೇರಿ, ಸವಕಳಿ ಸೇರಿ ಕಿಲೋಮೀಟರಿಗೆ 3 ರೂಪಾಯಿ 89 ಪೈಸೆ ಬೀಳುತ್ತದೆ. ಹಾಗಾಗಿ ಹೋಗಿಬರುವ ಖರ್ಚೇ ವಾರಕ್ಕೆ 1,167. ಮಂಗಳೂರಿನಲ್ಲೇ ಮನೆ ಇರುವ ಹುಡುಗನಿಗೆ ಇದೇ ಕೆಲಸದಲ್ಲಿ 3,727 ಉಳಿದು, ಗಂಟೆಗೆ 62 ರೂಪಾಯಿ ಬೀಳುತ್ತಿತ್ತು. ಇಬ್ಬರದೂ ಒಂದೇ ಆ್ಯಪ್, ಒಂದೇ ದರ. ವ್ಯತ್ಯಾಸ ಮನೆಯ ಅಂತರದ್ದು ಮಾತ್ರ.

ಬೆಳ್ತಂಗಡಿಯ ಕಾರು, ಖಾಲಿ ಓಟ

ಕಾರಿನವರಿಗೆ ನಲವತ್ತೈದರ ಪ್ರಾಯ. ಹಳದಿ ಬೋರ್ಡಿನ ಡೀಸೆಲ್ ಕಾರು, ಸಾಲ ಮುಗಿದಿದೆ. ಬೆಳ್ತಂಗಡಿಯಲ್ಲಿ ಕುಳಿತು ಆ್ಯಪ್ ತೆರೆದರೆ ಬಾಡಿಗೆ ಹುಟ್ಟುವುದಿಲ್ಲ. ಆದ್ದರಿಂದ ಸೋಮವಾರ ಬೆಳಿಗ್ಗೆ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿಗೆ ಇಳಿದು, ನಾಲ್ಕು ರಾತ್ರಿ ಸ್ನೇಹಿತರ ರೂಮಿನಲ್ಲಿ ತಂಗಿ, ಶುಕ್ರವಾರ ರಾತ್ರಿ ವಾಪಸು ಬರುತ್ತಾರೆ. ಶನಿವಾರ, ಭಾನುವಾರ ಧರ್ಮಸ್ಥಳದ ಯಾತ್ರಿಕರ ಬಾಡಿಗೆ. ಬಾಡಿಗೆ ಚೆನ್ನಾಗಿದೆ ಎಂದು ಸಾಲ ಮಾಡಿ ಇನ್ನೊಂದು ಹೊಸ ಕಾರು ತಂದು, ಹಳೆಯದನ್ನು ತಮ್ಮನಿಗೆ ಬಿಡುವ ಯೋಚನೆ ಅವರದ್ದು.

ಐದು ದಿನದಲ್ಲಿ 50 ಟ್ರಿಪ್. ಪ್ರಯಾಣಿಕರು ಕೊಟ್ಟದ್ದು 14,000. ಅವರ ಆ್ಯಪಿನಲ್ಲಿ ಕಮಿಷನ್, ತೆರಿಗೆ ಎಲ್ಲ ಸೇರಿ ಕಾಲು ಭಾಗದಷ್ಟು ಕಡಿತವಾಗಿ ಕೈಗೆ ಬಂದದ್ದು 10,500. ಈಗ ಕೆಲವು ಆ್ಯಪ್‌ಗಳು ಪ್ರತಿ ಟ್ರಿಪ್ಪಿನ ಕಮಿಷನ್ ಬಿಟ್ಟು ದಿನಕ್ಕಿಷ್ಟು ಎಂದು ಶುಲ್ಕ ಪಡೆಯುತ್ತವೆ. ಬಾಡಿಗೆ ಹೆಚ್ಚು ಸಿಗುವ ದಿನ ಅದು ಚಾಲಕರಿಗೆ ಲಾಭ. ಬಾಡಿಗೆ ಇಲ್ಲದ ದಿನವೂ ಶುಲ್ಕ ಕಟ್ಟಬೇಕೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಕಾರು ಓಡಿದ್ದು 1,000 ಕಿಲೋಮೀಟರ್. ಅದರಲ್ಲಿ ಪ್ರಯಾಣಿಕರು ಕುಳಿತಿದ್ದದ್ದು 600. ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಹೋದದ್ದು, ಊರ ಹೊರಗೆ ಬಿಟ್ಟು ಖಾಲಿ ಬಂದದ್ದು 280. ಬೆಳ್ತಂಗಡಿಗೆ ಹೋಗಿಬಂದದ್ದು 120. ಹತ್ತು ಕಿಲೋಮೀಟರಿನಲ್ಲಿ ನಾಲ್ಕು ಖಾಲಿ ಓಟ. ಡೀಸೆಲಿಗೆ ಮಾತ್ರ ಖಾಲಿ, ತುಂಬಿದ್ದು ಎಂಬ ಭೇದ ಇಲ್ಲ.

ಖರ್ಚು ನೋಡಿ:
ಡೀಸೆಲ್ 50 ಲೀಟರು, 91 ರೂಪಾಯಿಯಂತೆ – 4,550
ಟಯರು, ಸರ್ವಿಸು, ರಿಪೇರಿ, ಕಿಲೋಮೀಟರಿಗೆ 1 ರೂಪಾಯಿಯಂತೆ – 1,000
ಸವಕಳಿ, ಕಿಲೋಮೀಟರಿಗೆ 2 ರೂಪಾಯಿಯಂತೆ – 2,000
ವಿಮೆ, ಪರ್ಮಿಟ್, ಎಫ್.ಸಿ.ಯ ಪಾಲು – 600
ರೂಮಿನ ಪಾಲು – 350
ಒಟ್ಟು – 8,500

ಸವಕಳಿಯ ಲೆಕ್ಕ ಸ್ಕೂಟರಿನಂತೆಯೇ: 6 ಲಕ್ಷದ ಕಾರು 2 ಲಕ್ಷ ಕಿಲೋಮೀಟರ್ ಓಡಿ 2 ಲಕ್ಷಕ್ಕೆ ಮಾರಾಟವಾದರೆ ಕಿಲೋಮೀಟರಿಗೆ 2 ರೂಪಾಯಿ ಸವೆಯುತ್ತದೆ. ವಿಮೆ ಮೊದಲಾದವು ವರ್ಷಕ್ಕೆ 41,600, ವಾರಕ್ಕೆ 800. ಅದರಲ್ಲಿ ಶನಿವಾರ, ಭಾನುವಾರಕ್ಕೆ ನೂರು ನೂರು ಬಿಟ್ಟು ಉಳಿದದ್ದು ಇಲ್ಲಿಗೆ.

ಉಳಿದದ್ದು 2,000 ರೂಪಾಯಿ. ಆ್ಯಪ್ ತೆರೆದಿಟ್ಟ 60 ಗಂಟೆ, ಹೋಗಿಬಂದ 3 ಗಂಟೆ. ಗಂಟೆಗೆ 31 ರೂಪಾಯಿ ಚಿಲ್ಲರೆ. ಸ್ಕೂಟರಿನ ಹುಡುಗನಿಗಿಂತಲೂ ಕಡಿಮೆ!

“ಇದು ಹೇಗಾಗುತ್ತದೆ ಮಾರಾಯ್ರೇ, ನನ್ನ ಕೈಯಲ್ಲಿ ವಾರಕ್ಕೆ ನಾಲ್ಕು ಸಾವಿರ ಉಳಿಯುತ್ತದಲ್ಲ?” ಎಂದರು ಅವರು. ಅವರು ಹೇಳಿದ್ದೂ ನಿಜ. ಸವಕಳಿಯ 2,000 ನೋಟಿನ ರೂಪದಲ್ಲಿ ಕಿಸೆಯಲ್ಲೇ ಇರುತ್ತದೆ. ಅದು ಮುಂದಿನ ಕಾರಿನ ದುಡ್ಡು, ಇಂದಿನ ಮನೆಖರ್ಚಿನದ್ದಲ್ಲ. ಸಾಲ ಇದ್ದಿದ್ದರೆ ಇದು ಬೇಗ ಗೊತ್ತಾಗುತ್ತಿತ್ತು, ಕಂತು ಕಟ್ಟುವಾಗ ಕಿಸೆ ಬರಿದಾಗುತ್ತಿತ್ತು. ಸಾಲ ಮುಗಿದ ಕಾರಿನಲ್ಲಿ ಸವಕಳಿ ಕಣ್ಣಿಗೆ ಬೀಳುವುದಿಲ್ಲ.

ಹೊಸ ಕಾರಿನ ಲೆಕ್ಕವನ್ನೂ ಅಲ್ಲೇ ಹಾಕಿದೆವು. 6 ಲಕ್ಷ ಸಾಲ, ಶೇಕಡಾ 10 ಬಡ್ಡಿ, 5 ವರ್ಷ ಎಂದರೆ ತಿಂಗಳ ಕಂತು 12,748 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 5,000 ಬಡ್ಡಿಗೇ ಹೋಗುತ್ತದೆ. ಹೊಸ ಕಾರೂ ಇದೇ ರೀತಿ ಓಡಿದರೆ ವಾರಕ್ಕೆ 4,000ದಂತೆ ತಿಂಗಳಿಗೆ ಸುಮಾರು 17,300 ಕೈಗೆ ಬರುತ್ತದೆ. ಕಂತು ಕಟ್ಟಿದ ಮೇಲೆ ಉಳಿಯುವುದು ನಾಲ್ಕೂವರೆ ಸಾವಿರ. ಇದು ಐದು ದಿನ ಮನೆ ಬಿಟ್ಟು ದುಡಿದವನ ತಿಂಗಳ ಸಂಪಾದನೆ. ಬ್ಯಾಂಕಿನ ಕೌಂಟರಿನ ಈಚೆಯಿಂದ ನಾನು ಬಹಳ ಸಾಲದ ಅರ್ಜಿಗಳನ್ನು ನೋಡಿದ್ದೇನೆ. ಅರ್ಜಿಯಲ್ಲಿ ‘ಆದಾಯ’ ಎಂಬ ಕಡೆ ಜಮೆಯ ಅಂಕಿ ಬರೆದರೆ ಸಾಲ ಮಂಜೂರಾಗಬಹುದು, ಕಂತು ಕಟ್ಟಲಿಕ್ಕೆ ಮಾತ್ರ ಉಳಿಕೆಯೇ ಬೇಕು.

ಇನ್ನು ಅವರ ಭಾನುವಾರದ ಪುಟ. ಬೆಳಿಗ್ಗೆ ಧರ್ಮಸ್ಥಳದಿಂದ ಯಾತ್ರಿಕರನ್ನು ಕುಳ್ಳಿರಿಸಿ ಸುಬ್ರಹ್ಮಣ್ಯಕ್ಕೆ ಹೋಗಿ, ದರ್ಶನ ಮುಗಿಸಿ ವಾಪಸು ಧರ್ಮಸ್ಥಳಕ್ಕೆ. ಬಾಡಿಗೆ 2,200. ಮನೆಯಿಂದ ಮನೆಗೆ 150 ಕಿಲೋಮೀಟರ್. ಡೀಸೆಲ್, ರಿಪೇರಿ, ಸವಕಳಿ ಸೇರಿ ಕಿಲೋಮೀಟರಿಗೆ 7 ರೂಪಾಯಿ 55 ಪೈಸೆಯಂತೆ 1,132, ವಿಮೆಯ ಪಾಲು 100. ಉಳಿದದ್ದು 968 ರೂಪಾಯಿ, ಎಂಟು ಗಂಟೆಗೆ. ಗಂಟೆಗೆ 121!

ಅದೇ ಕಾರು, ಅದೇ ಚಾಲಕರು. ಆದರೆ ಇಲ್ಲಿ ಕಮಿಷನ್ ಇಲ್ಲ, ಹೋಗುವುದಕ್ಕೂ ಬರುವುದಕ್ಕೂ ಬಾಡಿಗೆ ಉಂಟು, ದೇವಸ್ಥಾನದ ಹೊರಗೆ ಕಾಯುವ ಹೊತ್ತೂ ಬಾಡಿಗೆಯ ಒಳಗೇ ಸೇರಿದೆ. ಕಮಿಷನ್ನೇ ದೊಡ್ಡ ಶತ್ರು ಎಂದು ಅವರು ತಿಳಿದಿದ್ದರು. ಲೆಕ್ಕ ನೋಡಿದರೆ, 400 ಕಿಲೋಮೀಟರಿನ ಖಾಲಿ ಓಟಕ್ಕೆ ಆದ ಖರ್ಚು 3,020, ಕಡಿತವಾದದ್ದು 3,500. ಎರಡೂ ಹೆಚ್ಚುಕಡಿಮೆ ಸಮ. ಒಂದು ಸ್ಕ್ರೀನಿನಲ್ಲಿ ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ, ಅಷ್ಟೇ.

ಮೂಡುಬಿದಿರೆಯ ಡಾಲರು

ಮೂರನೆಯವಳಿಗೆ ಪೆಟ್ರೋಲೂ ಬೇಡ, ಮಳೆಯ ಹೆದರಿಕೆಯೂ ಇಲ್ಲ. ಮೂಡುಬಿದಿರೆಯ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಲೋಗೋ, ಪೋಸ್ಟರುಗಳನ್ನು ಮಾಡುತ್ತಾಳೆ. ಗಿರಾಕಿಗಳು ಸಿಗುವುದು ಅಂತರಜಾಲದ ಫ್ರೀಲಾನ್ಸ್ ಸಂತೆಗಳಲ್ಲಿ. ಸಂತೆ ಎಂದರೆ ಸುಂಕ ಇರಲೇಬೇಕಲ್ಲ? ಫೈವರ್ ಎಂಬ ಸಂತೆ ಕೆಲಸಗಾರರ ಸಂಪಾದನೆಯಲ್ಲಿ ಶೇಕಡಾ 20 ಇಟ್ಟುಕೊಳ್ಳುತ್ತದೆ. ಅಪ್‌ವರ್ಕ್ ಎಂಬುದು 2023ರ ಮೇ ತಿಂಗಳಲ್ಲಿ ಎಲ್ಲರಿಗೂ ಶೇಕಡಾ 10 ಎಂದು ಮಾಡಿತ್ತು, 2025ರ ಮೇ ತಿಂಗಳಿನಿಂದ ಹೊಸ ಕೆಲಸಗಳಿಗೆ ಸೊನ್ನೆಯಿಂದ ಶೇಕಡಾ 15ರವರೆಗೆ ಬೇರೆ ಬೇರೆ ದರ ಇಟ್ಟಿದೆ. ಹುಡುಗಿ ಇರುವುದು ಶೇಕಡಾ 20ರ ಸಂತೆಯಲ್ಲಿ.

ಆ ತಿಂಗಳು ಅವಳಿಗೆ ಎಂಟು ಕೆಲಸ ಸಿಕ್ಕಿತು, ಒಟ್ಟು 240 ಡಾಲರು. ಸಂತೆಯ ಪಾಲು ಹೋಗಿ 192. ಪತ್ರಿಕೆಯಲ್ಲಿ ಡಾಲರಿಗೆ 86 ರೂಪಾಯಿ ಎಂದಿದ್ದ ದಿನ, ಹಣ ಬದಲಿಸುವವರ ಶುಲ್ಕ ಕಳೆದು ಅವಳ ಖಾತೆಗೆ ಬಿದ್ದದ್ದು 83ರ ಲೆಕ್ಕದಲ್ಲಿ, 15,936 ರೂಪಾಯಿ. ಬ್ಯಾಂಕಿನವನಾದ ನನಗೆ ಈ ಮೂರು ರೂಪಾಯಿಯ ವ್ಯತ್ಯಾಸ ಹೊಸತಲ್ಲ. ವಿದೇಶದ ಹಣ ಗಡಿ ದಾಟುವಾಗ ಶುಲ್ಕದಲ್ಲಿ ಸ್ವಲ್ಪ, ವಿನಿಮಯದ ದರದಲ್ಲಿ ಸ್ವಲ್ಪ ಸೋರುತ್ತದೆ. ಸಣ್ಣ ಮೊತ್ತವನ್ನು ಪದೇ ಪದೇ ತರಿಸಿದರೆ ಸೋರಿಕೆ ಹೆಚ್ಚು.

ತಿಂಗಳ ಖರ್ಚು: ಇಂಟರ್ನೆಟ್ 600, ಕರೆಂಟು ಮತ್ತು ಇನ್ವರ್ಟರಿಗೆ 200, ಚಿತ್ರ ಮಾಡುವ ಸಾಫ್ಟ್‌ವೇರಿನ ಬಾಡಿಗೆ 1,700, ಅರುವತ್ತು ಸಾವಿರದ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳುತ್ತದೆ ಎಂದರೆ ಅದರ ಸವಕಳಿ 1,250. ಒಟ್ಟು 3,750. ಉಳಿದದ್ದು 12,186.

ಗಂಟೆಯ ವಿಚಾರಕ್ಕೆ ಬಂದರೆ, ಚಿತ್ರ ಮಾಡಿದ್ದು 62 ಗಂಟೆ. “ಬಣ್ಣ ಸ್ವಲ್ಪ ಬದಲಿಸಿ, ಅಕ್ಷರ ಸ್ವಲ್ಪ ದೊಡ್ಡದು ಮಾಡಿ” ಎಂದದ್ದಕ್ಕೆ ತಿದ್ದಿದ್ದು 18 ಗಂಟೆ. ಉಳಿದದ್ದು ಕೆಲಸ ಹುಡುಕಿದ ಹೊತ್ತು: ಅರ್ಜಿ ಹಾಕುವುದು, ಮಾದರಿ ಕಳುಹಿಸುವುದು, ಗಿರಾಕಿಯ ಪ್ರಶ್ನೆಗೆ ರಾತ್ರಿ ಹನ್ನೊಂದಕ್ಕೆ ಉತ್ತರ ಬರೆಯುವುದು. ಅದೇ 50 ಗಂಟೆ ಆಯಿತು. ಅಲ್ಲಿಗೆ 130 ಗಂಟೆ, ಗಂಟೆಗೆ 94 ರೂಪಾಯಿ. ಸ್ಕೂಟರು, ಕಾರು ಎರಡಕ್ಕಿಂತಲೂ ಎಷ್ಟೋ ಮೇಲು.

ಅವಳ ಅಜ್ಜನಿಗೆ ಬಹಳ ಖುಷಿಯಾಯಿತು. ಆದರೆ ನಾನು ಹಿಂದಿನ ತಿಂಗಳ ಪುಟವನ್ನೂ ಕೇಳಿದೆ. ಆ ತಿಂಗಳು ಸಿಕ್ಕಿದ್ದು ಎರಡೇ ಕೆಲಸ, 55 ಡಾಲರು. ಪಾಲು ಕಳೆದು 44 ಡಾಲರು, ರೂಪಾಯಿಯಲ್ಲಿ 3,652. ಖರ್ಚು ಮಾತ್ರ ಅದೇ 3,750. ಅರುವತ್ತು ಗಂಟೆ ದುಡಿದು, ಹುಡುಕಿ, ಕೊನೆಗೆ 98 ರೂಪಾಯಿ ನಷ್ಟ. ಎರಡು ತಿಂಗಳು ಕೂಡಿಸಿದರೆ 190 ಗಂಟೆಗೆ 12,088, ಗಂಟೆಗೆ 64 ರೂಪಾಯಿ.

ಸ್ಕೂಟರು ಓಡದ ದಿನ ಪೆಟ್ರೋಲಿನ ಖರ್ಚೂ ಇಲ್ಲ. ಆದರೆ ಇವಳ ಖರ್ಚು ಕೆಲಸ ಇದ್ದರೂ ಇಲ್ಲದಿದ್ದರೂ ಒಂದೇ. ಹಾಗಾಗಿ ಇಂಥ ಕೆಲಸವನ್ನು ಒಂದು ತಿಂಗಳ ಪುಟ ನೋಡಿ ಅಳೆಯಬಾರದು, ಕನಿಷ್ಠ ಆರು ತಿಂಗಳ ಪುಟ ಬೇಕು. ಒಂದು ಸಮಾಧಾನದ ಅಂಶವೂ ಇದೆ. ಹಳೆಯ ಗಿರಾಕಿ ಮತ್ತೆ ಬಂದರೆ ಕೆಲಸ ಹುಡುಕುವ ಹೊತ್ತು ಉಳಿಯುತ್ತದೆ. ಎಂಟು ಕೆಲಸಗಳಲ್ಲಿ ಮೂರು ಹಾಗೆ ಬಂದವು. ಆ ಮೂರಕ್ಕೆ ಅವಳು ಅರ್ಜಿಯನ್ನೇ ಹಾಕಿರಲಿಲ್ಲ. ಸ್ಕೂಟರಿನ ಹುಡುಗನಿಗೆ ಈ ಅನುಕೂಲ ಇಲ್ಲ. ಅವನು ಎಷ್ಟು ಚೆನ್ನಾಗಿ ಊಟ ತಲುಪಿಸಿದರೂ ಗಿರಾಕಿ ಮುಂದಿನ ಸಲ ಅವನನ್ನೇ ಕರೆಯುವಂತಿಲ್ಲ.

ಪಿಗ್ಮಿಯವರ ನೆನಪು

ಅಜ್ಜ-ಅಜ್ಜಿಯರಿಗೆ ಈ ಕಥೆ ಕೇಳುವಾಗ ಪಿಗ್ಮಿ ಕಲೆಕ್ಟರರ ನೆನಪಾಗಿರಬಹುದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಪಡೆಯುತ್ತಿದ್ದರು. ಆ ಕಲೆಕ್ಟರರಿಗೆ ಇದ್ದದ್ದು ಸಂಬಳವಲ್ಲ, ಕಮಿಷನ್. ಅಂಗಡಿಯವ “ನಾಳೆ ಬನ್ನಿ” ಎಂದರೆ ಆ ನಡಿಗೆಗೆ ಕೂಲಿ ಇಲ್ಲ. ಚಪ್ಪಲಿ ಸವೆದರೂ ಸೈಕಲ್ ಟಯರು ಹೋದರೂ ಅವರದ್ದೇ ಖರ್ಚು. ಇಂದಿನ ಆ್ಯಪಿನ ಕೆಲಸದ ಹಿರಿಯಣ್ಣ ಅನ್ನಬಹುದು.

ಈ ಠೇವಣಿ ಸಂಗ್ರಾಹಕರು ಸ್ವಂತ ವ್ಯಾಪಾರದವರೋ, ಕೆಲಸಗಾರರೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ ಕೋರ್ಟು, ಇವರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರೇ ಎಂದು ಹೇಳಿತು. ಪಿಗ್ಮಿ ಶುರುವಾಗಿ ಆಗ ಎಪ್ಪತ್ತಮೂರು ವರ್ಷ ಕಳೆದಿತ್ತು.

ಆ್ಯಪಿನ ಕೆಲಸಗಾರರಿಗಾಗಿ ನಮ್ಮ ಕರ್ನಾಟಕ 2025ರಲ್ಲಿ ಒಂದು ಕಾಯಿದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಯೇ ಕಟ್ಟಬೇಕು, ಅದಕ್ಕೊಂದು ಕಲ್ಯಾಣ ಮಂಡಳಿ ಇರಬೇಕು, ಕಾರಣ ತಿಳಿಸದೆ, ಮುಂಚಿತ ನೋಟಿಸು ಕೊಡದೆ ಕೆಲಸದಿಂದ ತೆಗೆಯಬಾರದು ಎಂಬುದು ಅದರ ಸಾರ. ಊಟ, ಸಾಮಾನು ತಲುಪಿಸುವವರಿಗೆ ಅಪಘಾತದಲ್ಲಿ ಜೀವಹಾನಿಯಾದರೆ ಒಟ್ಟು 4 ಲಕ್ಷ ರೂಪಾಯಿ ಕೊಡುವ ವಿಮಾ ಯೋಜನೆಯನ್ನು ರಾಜ್ಯ 2023ರಲ್ಲೇ ಪ್ರಕಟಿಸಿತ್ತು. ಇ-ಶ್ರಮ್ ನೋಂದಣಿ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ನೆನಪಿಡಿ, ಈ ಕಾಯಿದೆ ಗಂಟೆಗೆ ಇಷ್ಟು ಎಂದು ಕನಿಷ್ಠ ಕೂಲಿಯನ್ನು ಗೊತ್ತುಮಾಡಿಲ್ಲ. ಕಾದು ಕುಳಿತ ಗಂಟೆಗೂ ಖಾಲಿ ಓಡಿದ ಕಿಲೋಮೀಟರಿಗೂ ಲೆಕ್ಕ ಇಡುವವರು ನಾವೇ.

ಮನೆಯಲ್ಲೇ ಲೆಕ್ಕ ಇಡುವ ಕ್ರಮ

ನಿಮ್ಮ ಮನೆಯಲ್ಲೂ ಇಂಥ ಕೆಲಸದವರು ಇದ್ದರೆ, ಮಕ್ಕಳೇ, ಲೆಕ್ಕ ಬರೆಯುವ ಕೆಲಸ ನಿಮ್ಮದಾಗಲಿ. ಎಂಟನೆಯ ತರಗತಿಯ ಗಣಿತ ಸಾಕು. ಒಂದು ಪುಟದಲ್ಲಿ ಆರು ಕಲಂ ಗೀರಿ: ಹೊರಟ ಗಂಟೆ, ಮನೆ ಸೇರಿದ ಗಂಟೆ, ಹೊರಡುವಾಗಿನ ಮೀಟರು, ಸೇರಿದಾಗಿನ ಮೀಟರು, ಕೈಗೆ ಬಂದ ಹಣ, ಆ ದಿನದ ಖರ್ಚು. ಅಜ್ಜನೋ ಅಜ್ಜಿಯೋ ಭಾನುವಾರ ಕೂಡಿಸಿ ನೋಡಲಿ. ಕಿಲೋಮೀಟರಿನ ಸವಕಳಿಯನ್ನು ಕೊಂಡ ಬೆಲೆ, ಮಾರುವ ಬೆಲೆ, ನಡುವೆ ಓಡುವ ದೂರ, ಈ ಮೂರರಿಂದ ಒಮ್ಮೆ ಕಂಡುಹಿಡಿದರೆ ಮತ್ತೆ ಅದೇ ದರ ನಡೆಯುತ್ತದೆ.

ಲೆಕ್ಕ ತಪ್ಪುತ್ತಿದೆ ಎಂಬುದಕ್ಕೆ ಎರಡು ಗುರುತು ಹೇಳುತ್ತೇನೆ. ಒಂದು, ಆ್ಯಪಿನ ಕಿಲೋಮೀಟರಿಗೂ ವಾಹನದ ಮೀಟರಿಗೂ ಬಹಳ ಅಂತರ ಇರುವುದು. ನಮ್ಮ ಹುಡುಗನದ್ದು 510ರ ಒಳಗೆ, 810ರ ಹೊರಗೆ. ಇನ್ನೊಂದು, ಪ್ರತಿ ವಾರ ದುಡ್ಡು ಉಳಿಯುತ್ತಿದೆ ಅನಿಸಿದರೂ ಟಯರು ಬದಲಿಸುವ ಅಥವಾ ವಿಮೆ ಕಟ್ಟುವ ತಿಂಗಳು ಕೈಸಾಲ ಮಾಡಬೇಕಾಗಿ ಬರುವುದು. ಹಾಗಾದರೆ ಸವಕಳಿಯ ಹಣ ಮನೆಖರ್ಚಿಗೆ ಹೋಗುತ್ತಿದೆ ಎಂದು ತಿಳಿಯಿರಿ. ಅದನ್ನು ಆಯಾ ವಾರವೇ ಬೇರೆ ಖಾತೆಗೆ ಹಾಕಿಡಬೇಕು. ಹುಡುಗನಿಗೆ ನಾನು ವಾರಕ್ಕೆ 1,300 ರೂಪಾಯಿಯ ಆರ್.ಡಿ. ಲೆಕ್ಕ ಹೇಳಿಕೊಟ್ಟೆ. ರಿಪೇರಿಯ 486, ಸವಕಳಿಯ 810 ಕೂಡಿ ಸುಮಾರು ಅಷ್ಟೇ ಆಗುತ್ತದೆ.

ಮೂವರೂ ಆ್ಯಪಿನ ಕೆಲಸ ಬಿಟ್ಟಿಲ್ಲ. ಬಂಟ್ವಾಳದ ಹುಡುಗ ಕೊನೆಯ ವರ್ಷದ ಶುಲ್ಕ ಕಟ್ಟಿ ಕಾಲೇಜಿಗೆ ಹೋಗುತ್ತಿದ್ದಾನೆ, ಮುಂದಿನ ರಜೆಯಲ್ಲಿ ಮಂಗಳೂರಿನಲ್ಲಿ ಗೆಳೆಯರ ಜೊತೆ ರೂಮು ಮಾಡುವ ಆಲೋಚನೆಯಲ್ಲಿದ್ದಾನೆ. ಕಾರಿನವರು ಎರಡನೆಯ ಕಾರಿನ ಅರ್ಜಿಯನ್ನು ಸದ್ಯಕ್ಕೆ ಮಡಚಿಟ್ಟು, ಯಾತ್ರಿಕರ ಬಾಡಿಗೆಯನ್ನು ವಾರದಲ್ಲಿ ಎರಡು ದಿನದಿಂದ ಮೂರು ದಿನಕ್ಕೆ ಏರಿಸಲು ನೋಡುತ್ತಿದ್ದಾರೆ. ಮೂಡುಬಿದಿರೆಯ ಹುಡುಗಿ ಕೆಲಸ ಹುಡುಕಿದ ಗಂಟೆಗಳಿಗೆ ಬೇರೆಯೇ ಕಲಂ ಹಾಕಿದ್ದಾಳೆ. ಕಳೆದ ತಿಂಗಳು ಅದು 50ರಿಂದ 38ಕ್ಕೆ ಇಳಿದಿದೆ.